ಕೇಳಿದ್ದು 100, ಬಂದದ್ದು 78: ಮನೆ ಮಾರುವಾಗ ನಾನು ಬರೆದ ಮರುಬೆಲೆ ಪತ್ರ

ಕೇಳಿದ ಬೆಲೆ 100 ಎಂದಿಟ್ಟುಕೊಳ್ಳಿ, ಲೆಕ್ಕ ಸುಲಭವಾಗುತ್ತದೆ. ಬಂದ ಮೊದಲ ಆಫರ್ 78. ನಾನು 97.5 ಎಂದು ಉತ್ತರ ಕೊಡುತ್ತೇನೆ ಅಂದಾಗ ಬ್ರೋಕರ್ ತಲೆ ಕೊಡವಿದರು. ‘ಬರೀ ಅಷ್ಟೇ ಇಳಿಸಿದರೆ ಪಾರ್ಟಿ ಕೈಬಿಟ್ಟು ಹೋಗುತ್ತಾರೆ, 88-89ಕ್ಕೆ ಬನ್ನಿ’ ಎಂಬ ಸಲಹೆಯೂ ಬಂತು. ವ್ಯವಹಾರ ಮುಗಿದದ್ದು 94.5ಕ್ಕೆ, ಅದೇ ಪಾರ್ಟಿಯ ಜೊತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ, 89 ಯಾಕೆ ಕೆಡುತ್ತದೆ ಎಂಬುದು. 100 ಮತ್ತು 78ರ ನಡುಮಧ್ಯ 89. ಅಲ್ಲಿಗೆ ಇಳಿದರೆ ವ್ಯವಹಾರ ಅಲ್ಲಿಗೇ ನಿಲ್ಲುವುದಿಲ್ಲ. ಕೊಳ್ಳುವವರು 83ಕ್ಕೆ ಏರುತ್ತಾರೆ, ಈಗ ನಡುಮಧ್ಯ 86. ಒಂದೇ ಪತ್ರದಲ್ಲಿ 11 ಬಿಟ್ಟವರು ಇನ್ನೊಂದು 3 ಬಿಡದೆ ಇರುತ್ತಾರಾ ಎಂದು ಅವರು ಯೋಚಿಸುವುದು ಸಹಜವೇ. ಉತ್ತರವನ್ನೇ ಕೊಡದೆ ಸುಮ್ಮನಿರುವುದೂ ಫಲ ಕೊಡುವುದಿಲ್ಲ. ಕಡಿಮೆ ಬೆಲೆ ಹೇಳುವವರಲ್ಲಿ ಹಲವರು ನಿಜವಾಗಿ ಕೊಳ್ಳಬೇಕೆಂದಿರುವವರು, ನೀರಿನ ಆಳ ನೋಡುತ್ತಿರುತ್ತಾರೆ ಅಷ್ಟೆ. ‘ಇನ್ನೂ ಒಳ್ಳೆಯ ಬೆಲೆ ಹೇಳಿ’ ಎಂದು ಬರೆದರೆ ಅವರು 80 ಅನ್ನುತ್ತಾರೆ. ನೀವು ಅಂಕಿಯನ್ನೇ ಹೇಳದಿರುವಾಗ ಅವರು ತಮ್ಮ ಮಾತಿನ ಮೇಲೆ ತಾವೇ ಯಾಕೆ ಏರಬೇಕು?

ನನ್ನ ವಿಧಾನದ ತಿರುಳು ಒಂದೇ: ಕಾರಣವಿಲ್ಲದೆ ಒಂದು ಪೈಸೆಯನ್ನೂ ಇಳಿಸುವುದಿಲ್ಲ, ಮತ್ತು ಪ್ರತಿ ಇಳಿತ ಹಿಂದಿನದಕ್ಕಿಂತ ಚಿಕ್ಕದಿರಬೇಕು. 78 ಹೇಳಿದವರು ಚಾವಣಿಯ ಸೋರಿಕೆ, ಹಳೆಯ ವೈರಿಂಗ್ ಎಂದು ಎರಡು ನೆಪ ಕೊಟ್ಟಿದ್ದರು. ನೆಪದಲ್ಲಿ ನಿಜ ಎಷ್ಟು, ಚೌಕಾಸಿ ಎಷ್ಟು ಎಂದು ಬಿಡಿಸಿ ನೋಡಿದರೆ ಅರ್ಧ ಕೆಲಸ ಮುಗಿದಂತೆ. ಗುತ್ತಿಗೆದಾರರಿಂದ ಬರಹದಲ್ಲಿ ಅಂದಾಜು ತೆಗೆದುಕೊಂಡಾಗ ಎರಡೂ ಸೇರಿ 2.5ರ ಹತ್ತಿರ ಬಂತು. ಅಂದರೆ 22ರಲ್ಲಿ 2.5 ದೋಷ, ಉಳಿದ 19.5 ಬರೀ ಚೌಕಾಸಿ. ಆ 2.5ನ್ನು ಮೊದಲ ಪತ್ರದಲ್ಲೇ ಪೂರ್ತಿ ಬಿಟ್ಟುಕೊಟ್ಟೆ. ಅದು ಚೌಕಾಸಿಯ ಇಳಿತವಲ್ಲ, ಲೆಕ್ಕದ ಇಳಿತ. ಹಾಗಾಗಿ ‘ಇನ್ನೂ ಸ್ವಲ್ಪ’ ಎಂದು ಅದನ್ನು ಎಳೆಯಲು ಬರುವುದಿಲ್ಲ.

ಪತ್ರ ಹೀಗಿತ್ತು:

‘ನಮಸ್ಕಾರ. ಮನೆಯನ್ನು ನಿಧಾನವಾಗಿ ನೋಡಿ, ಬರಹದಲ್ಲಿ ಬೆಲೆ ತಿಳಿಸಿದ್ದಕ್ಕೆ ಧನ್ಯವಾದ. 78ಕ್ಕೆ ಕೊಡಲು ನಮಗೆ ಆಗುವುದಿಲ್ಲ. ಚಾವಣಿ ಮತ್ತು ವೈರಿಂಗ್ ಬಗ್ಗೆ ನೀವು ಹೇಳಿದ್ದು ಸರಿ. ದುರಸ್ತಿಯ ಅಂದಾಜು ಪಟ್ಟಿ ಜೊತೆಗಿದೆ. ಅಷ್ಟನ್ನೂ ಕಳೆದು 97.5ಕ್ಕೆ ಕೊಡಲು ಸಿದ್ಧರಿದ್ದೇವೆ. ಇತ್ತೀಚೆಗೆ ಮಾರಾಟವಾದ, ಇದೇ ಅಳತೆಯ ಮೂರು ಮನೆಗಳ ವಿವರವನ್ನೂ ಇಟ್ಟಿದ್ದೇವೆ. ಈ ಬೆಲೆ ಗುರುವಾರ ಸಂಜೆ 6ರವರೆಗೆ ಇರುತ್ತದೆ. ಅಲ್ಲಿಯವರೆಗೆ ಬೇರೆಯವರಿಗೂ ಮನೆ ತೋರಿಸುತ್ತಿರುತ್ತೇವೆ. ಕರಾರಿಗೆ ಇಬ್ಬರ ಸಹಿಯಾಗುವವರೆಗೆ ಯಾರೂ ಬದ್ಧರಲ್ಲ. ಹಣ ಕಟ್ಟುವ ದಿನ, ಮುಂಗಡದ ಮೊತ್ತ ಮುಂತಾದ ವಿಷಯಗಳಲ್ಲಿ ನಿಮ್ಮ ಅನುಕೂಲ ಏನೆಂದು ತಿಳಿಸಿದರೆ ಒಳ್ಳೆಯದು.’

ಇಷ್ಟೇ. 78 ಎಷ್ಟು ಕಡಿಮೆ ಎಂಬುದರ ಬಗ್ಗೆ ಒಂದು ಮಾತೂ ಇಲ್ಲ, ಅದು ಅವರಿಗೂ ಗೊತ್ತು. ‘ಕೊನೆಯ ಬೆಲೆ’ ಎಂದು ಬರೆಯಲಿಲ್ಲ. ಆಮೇಲೆ ಇಳಿದರೆ ಮಾತಿಗೆ ಬೆಲೆ ಇರುವುದಿಲ್ಲ. ‘ಹೆಚ್ಚುಕಡಿಮೆ ಮಾಡೋಣ’ ಎಂದೂ ಬರೆಯಲಿಲ್ಲ. ಆ ಒಂದು ಮಾತಿಗೆ ಕನಿಷ್ಠ 2 ಕರಗುತ್ತದೆ. ನಾವು ಯಾಕೆ ಮಾರುತ್ತಿದ್ದೇವೆ ಎಂಬುದಂತೂ ಪತ್ರದಲ್ಲಿ ಬರಲೇಬಾರದು. ಮೂರು ಮನೆಗಳ ವಿವರ ಮಾರಾಟವಾದ ಬೆಲೆಯದ್ದಾಗಿರಬೇಕು. ಜಾಹೀರಾತಿನಲ್ಲಿ ಕೇಳಿದ ಬೆಲೆ ಹಾಕಿದರೆ ಜಾಣರು ಅಲ್ಲೇ ಹಿಡಿಯುತ್ತಾರೆ.

ಮರುಬೆಲೆ ಕಳಿಸಿದ ಮೇಲೂ 78 ಜೇಬಿನಲ್ಲಿದೆ ಎಂದು ಎಣಿಸುವವರಿದ್ದಾರೆ. ಇಂಗ್ಲಿಷ್ ಕಾನೂನಿನ ಜಾಡಿನಲ್ಲಿ ನಡೆಯುವ ಕಡೆ ಹಾಗಿಲ್ಲ. 1840ರ ಹೈಡ್ ಮತ್ತು ರೆಂಚ್ ಮೊಕದ್ದಮೆಯಲ್ಲಿ ಮಾರುವವರು ಹೊಲಕ್ಕೆ 1000 ಪೌಂಡ್ ಎಂದಿದ್ದರು. ಕೊಳ್ಳುವವರು 950 ಅಂದರು. ಮಾರುವವರು ಒಪ್ಪದಿದ್ದಾಗ ಕೊಳ್ಳುವವರು ‘ಸರಿ, 1000ಕ್ಕೇ ಆಗಲಿ’ ಅಂದರು. 950 ಅಂದ ಕ್ಷಣವೇ 1000ದ ಆಫರ್ ಸತ್ತಿತು ಎಂದು ನ್ಯಾಯಾಲಯ ಹೇಳಿತು. ನಮ್ಮ ಕಡೆಯಿಂದ ನೋಡಿದರೆ, 97.5 ಹೇಳಿದ ಮೇಲೆ 78 ಇಲ್ಲ. ಅದಕ್ಕೆ ಸಿದ್ಧರಿಲ್ಲದವರು ಮರುಬೆಲೆ ಬರೆಯುವ ಮುಂಚೆ ಯೋಚಿಸಬೇಕು.

ಗುರುವಾರದೊಳಗೆ 85 ಬಂತು. ನಾನು 1.5 ಇಳಿದು 96 ಅಂದೆ, ಆದರೆ ಷರತ್ತಿನ ಮೇಲೆ: ಮುಂಗಡ ದುಪ್ಪಟ್ಟು ಮತ್ತು ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ಮೊದಲೇ ಕೈಗೆ. ಅವರು 90ಕ್ಕೆ ಬಂದರು. ಮುಂದಿನ ಇಳಿತ 0.8, ಹಣ ಕಟ್ಟುವ ಅವಧಿ ನಾಲ್ಕು ತಿಂಗಳ ಬದಲು ಎರಡಾದರೆ. ಅವರು 93 ಅಂದರು. ಕೊನೆಯ 0.7 ಬಿಟ್ಟದ್ದು, ಇನ್ನು ಮುಂದೆ ದುರಸ್ತಿಯ ಹೆಸರಿನಲ್ಲಿ ಏನೂ ಕೇಳುವಂತಿಲ್ಲ ಎಂಬ ಸಾಲಿಗೆ. ಅಂಕಿಗಳು ನೆನಪಿನಿಂದ ಹೇಳುತ್ತಿರುವುದು, ದಶಾಂಶ ಅತ್ತಿತ್ತ ಆಗಿರಬಹುದು. 2.5, 1.5, 0.8, 0.7 ಎಂದು ಇಳಿತ ಕುಗ್ಗುತ್ತಾ ಬಂದಾಗ ತಳ ಹತ್ತಿರವಾಯಿತೆಂದು ಯಾರೂ ಹೇಳಬೇಕಾಗಿಲ್ಲ.

ಎರಡು ತಿಂಗಳ ಷರತ್ತನ್ನು ಹಗುರವಾಗಿ ನೋಡಬೇಡಿ. ಮಾರಾಟವಾಗದ ಮನೆ ತಿಂಗಳಿಗೆ ಬಡ್ಡಿ, ತೆರಿಗೆ, ನಿರ್ವಹಣೆ ಸೇರಿ 0.6ರಷ್ಟು ತಿನ್ನುತ್ತಿತ್ತು. ನಾಲ್ಕು ತಿಂಗಳಿಗೆ ಸಿಗುವ 95.5ರಲ್ಲಿ ಕೈಗೆ ಉಳಿಯುವುದು 93.1. ಎರಡು ತಿಂಗಳಿಗೆ ಸಿಗುವ 94.5ರಲ್ಲಿ 93.3. ಬೆಲೆ ಮಾತ್ರ ನೋಡಿ ಕುಣಿಯುವವರು ಕಳೆದುಕೊಳ್ಳುವುದು ಇಲ್ಲೇ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು, ಬೇರೊಬ್ಬ ಗಿರಾಕಿಯ ಮೇಲೆ. ಒಂದೇ ಪತ್ರದಲ್ಲಿ ಎರಡು ದಾರಿ: ಖಾಲಿ ಮನೆ 96ಕ್ಕೆ, ಕಪಾಟು-ಫ್ಯಾನು-ಗೀಸರ್ ಸಮೇತ 97.2ಕ್ಕೆ. ಅವರು 96ರ ಬೆಲೆಯನ್ನೂ 97.2ರ ಕಪಾಟುಗಳನ್ನೂ ಕೂಡಿಸಿ ಕೇಳಿದರು! ಎರಡು ದಾರಿ ತೋರಿಸುವುದಿದ್ದರೆ ಮುಂಗಡದ ಮಾತು ಒಪ್ಪಿಗೆಯಾದ ಮೇಲೆಯೇ. ಹಾಗೆಯೇ ಇಬ್ಬರಿಗೆ ಒಟ್ಟಿಗೆ ಮರುಬೆಲೆ ಕಳಿಸಬೇಡಿ. ಇಬ್ಬರೂ ಹೂಂ ಅಂದರೆ ಒಬ್ಬರು ಜಗಳಕ್ಕೆ ಬರುವುದು ಖಂಡಿತ. ಇಬ್ಬರಿದ್ದರೆ ಒಂದೇ ಗಡುವು ಕೊಟ್ಟು, ತಮ್ಮ ಅತ್ಯುತ್ತಮ ಬೆಲೆಯನ್ನು ಬರಹದಲ್ಲಿ ತಿಳಿಸಿ ಎಂದು ಇಬ್ಬರಿಗೂ ಕೇಳಿ, ನೀವು ಯಾವ ಅಂಕಿಯನ್ನೂ ಹೇಳಬೇಡಿ.

ಮೊದಲ ಪತ್ರಕ್ಕೆ ಮುಂಚೆ ಬ್ರೋಕರ್‌ಗೆ ಕೇಳುವ ಒಂದು ಪ್ರಶ್ನೆ ಇದೆ. ಗಿರಾಕಿ 78ಕ್ಕೆ ನಿಂತಿದ್ದಾರೋ 90 ದಾಟುತ್ತಾರೋ ಎಂಬುದು ಅದರಿಂದ ಹೆಚ್ಚೂಕಡಿಮೆ ತಿಳಿಯುತ್ತದೆ. ಅದನ್ನು ಇಲ್ಲಿ ಬರೆದರೆ ಬ್ರೋಕರ್‌ಗಳೂ ಓದುತ್ತಾರೆ, ಹಾಗಾಗಿ ಬಿಟ್ಟಿದ್ದೇನೆ. ಒಂದಂತೂ ಹೇಳುತ್ತೇನೆ: ಫೋನಿನಲ್ಲಿ ಅಂಕಿ ಹೇಳಬೇಡಿ. ಫೋನ್ ಬಂದರೆ ‘ಬರೆದು ಕಳಿಸುತ್ತೇನೆ’ ಎಂದಷ್ಟೇ ಹೇಳಿ. ಬಾಯಲ್ಲಿ ‘94ರ ಆಸುಪಾಸು’ ಅಂದದ್ದು ಮರುದಿನ ‘93ಕ್ಕೆ ಒಪ್ಪಿದ್ದಿರಲ್ಲ’ ಎಂದು ವಾಪಸ್ ಬರುತ್ತದೆ. 94.5ಕ್ಕೆ ಮಾತು ನಿಂತ ದಿನವೇ ಬೆಲೆ, ಮುಂಗಡ, ದಿನಾಂಕ, ಮನೆಯಲ್ಲಿ ಉಳಿಯುವ ಸಾಮಾನು, ದುರಸ್ತಿಯ ಸಾಲು, ಐದನ್ನೂ ಒಂದೇ ಹಾಳೆಯಲ್ಲಿ ಬರೆದು ಕಳಿಸಿದೆ. ಕರಾರಿಗೆ ಸಹಿಯಾಗಿ ಮುಂಗಡ ಖಾತೆಗೆ ಬೀಳುವವರೆಗೆ ಬೇರೆಯವರಿಗೆ ಮನೆ ತೋರಿಸುವುದನ್ನು ನಿಲ್ಲಿಸಲಿಲ್ಲ.