ಎಡಗಡೆಯೋ ಬಲಗಡೆಯೋ: ಸಂಧಿ ಪ್ರಶ್ನೆಯಲ್ಲಿ ನನ್ನ ಅನುಭವ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೆ. ಕೋಚಿಂಗ್‌ಗೆ ಹದಿನೆಂಟು ಸಾವಿರದ ಹತ್ತಿರ ಕೊಟ್ಟಿದ್ದೆ, ಅದರಲ್ಲಿ ಅರ್ಧ ಅಪ್ಪನ ಶೇಂಗಾ ದುಡ್ಡು. ಸಂಧಿ-ಸಮಾಸಕ್ಕೆ ಅಲ್ಲಿ ಕೊಟ್ಟದ್ದು ಉದಾಹರಣೆಗಳ ದೊಡ್ಡ ಪಟ್ಟಿ. ಬಾಯಿಪಾಠ ಮಾಡಿದೆ. ಪಟ್ಟಿಯಲ್ಲಿ ಇಲ್ಲದ ಪದ ಬಂದರೆ ಮುಗೀತು, ತಪ್ಪಿಗೆ ಕಾಲು ಅಂಕ ಬೇರೆ ಹೋಗುತ್ತಿತ್ತು.

ನಾನು ಜಾಸ್ತಿ ಎಡವಿದ್ದು ಆದೇಶ ಮತ್ತು ಜಶ್ತ್ವ ಸಂಧಿಗಳಲ್ಲಿ. ಮಳೆಗಾಲದಲ್ಲೂ ಕ ಹೋಗಿ ಗ, ದಿಗಂತದಲ್ಲೂ ಕ ಹೋಗಿ ಗ. ಎರಡಕ್ಕೂ ಆದೇಶ ಅಂತ ಗುರುತು ಹಾಕಿದ್ದೆ. ಆಮೇಲೆ ಪದ ಬಿಡಿಸಿ ನಡುವೆ ಗೀಟು ಎಳೆಯೋದು ಶುರು ಮಾಡಿದೆ. ಮಳೆ | ಕಾಲ: ಬದಲಾದದ್ದು ಗೀಟಿನ ಬಲಗಡೆಯ ಅಕ್ಷರ, ಆದೇಶ. ದಿಕ್ | ಅಂತ: ಬದಲಾದದ್ದು ಎಡಗಡೆಯದು, ಜಶ್ತ್ವ. ಅಷ್ಟೇ.

ರೂಮ್‌ಮೇಟ್ ನಕ್ಕ. "ಪಟ್ಟಿ ಓದೋದು ಬಿಟ್ಟು ಗೀಟು ಹೊಡ್ಕೋತ ಕುಂತಿ, ಹುಚ್ಚ ಅದಿಯೇನ್ಲೇ?" ಕಂಬನಿ ಬಿಡಿಸು ಅಂತ ಸವಾಲು ಹಾಕಿದ. ಕಣ್ | ಪನಿ. ಇಲ್ಲಿ ಎರಡೂ ಕಡೆ ಅಲ್ಲಾಡಿದೆ, ನಾನೂ ಒಂದು ಗಳಿಗೆ ತಡವರಿಸಿದೆ. ಆದರೆ ಬಲಗಡೆಯ ಪ ಹೋಗಿ ಬ ಬಂದಿದೆ, ಪದಗಳೂ ಕನ್ನಡದವು. ಆದೇಶವೇ.

ಎಡಗಡೆ ಬದಲಾದ ಮಾತ್ರಕ್ಕೆ ಜಶ್ತ್ವ ಅನ್ನಬೇಡಿ. ಒಂದು ಟೆಸ್ಟ್‌ನಲ್ಲಿ ಸಜ್ಜನಕ್ಕೆ ಜ ಕಂಡ ಕೂಡಲೇ ಜಶ್ತ್ವ ಬರೆದು ಬಂದೆ. ಸತ್ | ಜನ, ಮುಂದಿನ ಜ ನೋಡಿ ತ ಕೂಡ ಜ ಆಗಿದೆ, ಅದು ಶ್ಚುತ್ವ. ವಾಕ್ | ಮಯ ಸೇರಿ ವಾಙ್ಮಯ ಆದಾಗ ಮೂಗಿನ ಅಕ್ಷರ ಬಂತು, ಅದು ಅನುನಾಸಿಕ.

ಈ ಹುಚ್ಚು ಹೆಚ್ಚಾಗಿ ಜುಬಿಲಿ ಸರ್ಕಲ್‌ವರೆಗೆ ಅಂಗಡಿ ಬೋರ್ಡುಗಳನ್ನು ಒಡೆಯುತ್ತಾ ನಡೆದೆ. ವಸ್ತ್ರಾಲಯ ಸವರ್ಣದೀರ್ಘ, ಸಲೀಸು. ಖಾನಾವಳಿ ಮುಂದೆ ನಿಂತು ಅರ್ಧ ಗಂಟೆ ವಾದ ಆಯ್ತು. ಅದು ಮರಾಠಿ ಕಡೆಯಿಂದ ಬಂದದ್ದು, ಒಡೆಯಬೇಡಿ, ಊಟ ಮಾಡಿ.

ಸಮಾಸದಲ್ಲಿ ಗೀಟು ನಡೆಯೋದಿಲ್ಲ, ವಿಗ್ರಹವಾಕ್ಯವೇ ಬೇಕು. ಷಡಾನನ ಸಂಧಿಯಲ್ಲಿ ಜಶ್ತ್ವ, ಷಟ್‌ನ ಟ ಹೋಗಿ ಡ. ಸಮಾಸ ಕೇಳಿದರೆ 'ಆರು' ಕಂಡು ದ್ವಿಗು ಅಂತ ಹಾಕುವವರೇ ಹೆಚ್ಚು. ಆರು ಮುಖ ಉಳ್ಳವನು, ಅಂದರೆ ಷಣ್ಮುಖ. ಮುಖದ ಲೆಕ್ಕ ಅಲ್ಲ, ಬೇರೊಬ್ಬನ ಮಾತು, ಹಾಗಾಗಿ ಬಹುವ್ರೀಹಿ. ಮುಕ್ಕಣ್ಣನೂ ಹಾಗೇ.

ಮೊದಲು ಹತ್ತು ಸಂಧಿ-ಸಮಾಸ ಪ್ರಶ್ನೆಗಳಲ್ಲಿ ನಾಲ್ಕೋ ಐದೋ ಸರಿ ಬರುತ್ತಿದ್ದವು. ಕೊನೆಯ ಎರಡು ತಿಂಗಳು ಒಂಬತ್ತಕ್ಕಿಂತ ಇಳಿಯಲಿಲ್ಲ. ಖರ್ಚು ನಲವತ್ತು ರೂಪಾಯಿಯ ನೋಟ್‌ಬುಕ್ಕು ಒಂದೇ. ನಕ್ಕ ರೂಮ್‌ಮೇಟ್ ಅದನ್ನೇ ಜೆರಾಕ್ಸ್ ಮಾಡಿಸಿಕೊಂಡ. ರೂಪಕಕ್ಕೂ ಉತ್ಪ್ರೇಕ್ಷೆಗೂ ಇಂಥದ್ದೇ ಒಂದು ಗುರುತು ಇಟ್ಟುಕೊಂಡಿದ್ದೇನೆ. ಅದನ್ನ ಈಗ ಹೇಳೋದಿಲ್ಲ, ಮುಂದಿನ ಪರೀಕ್ಷೆಗೆ ನಾನೂ ಕೂರುತ್ತಿದ್ದೇನೆ ಅಲ್ವಾ!