ಕಂಬಸಾಲಿಗೆ ಕನ್ನಡಿ ಹಿಡಿಯುವುದು: ಹೌಸ್‌ಹೋಲ್ಡರ್ ವಿಧಾನದ ಕ್ಯೂಆರ್ ವಿಭಜನೆ

ಸಂಖ್ಯಾತ್ಮಕ ವಿಶ್ಲೇಷಣೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ನಾನು ಬಹಳ ಸಲ ಕಂಡಿರುವ ತಪ್ಪು ಒಂದೇ ಒಂದು ಚಿಹ್ನೆಗೆ ಸಂಬಂಧಿಸಿದ್ದು. ಕಾಗದದ ಮೇಲೆ ಅದು ತಪ್ಪೇ ಅಲ್ಲದಿರುವುದರಿಂದ ವಿದ್ಯಾರ್ಥಿಗೆ ಅಂಕವೂ ಸಿಗುತ್ತದೆ. ಅದೇ ಸೂತ್ರವನ್ನು ಆತ ಕಂಪ್ಯೂಟರಿಗೆ ಬರೆದುಕೊಟ್ಟ ದಿನ ಎಡವಟ್ಟು ಹೊರಬೀಳುತ್ತದೆ. ಆದ್ದರಿಂದ ಉಳಿದ ಹಂತಗಳನ್ನು ಚುರುಕಾಗಿ ಮುಗಿಸಿ, ಆ ಚಿಹ್ನೆಯ ಬಳಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಒಂದು ಮಾತೃಕೆ A ಯನ್ನು, ಪರಸ್ಪರ ಲಂಬವಾದ ಏಕಮಾನ ಕಂಬಸಾಲುಗಳುಳ್ಳ Q ಮತ್ತು ಕರ್ಣದ ಕೆಳಗೆಲ್ಲ ಸೊನ್ನೆಗಳೇ ಇರುವ R ಎಂಬ ಎರಡರ ಗುಣಲಬ್ಧವಾಗಿ ಬರೆಯುವುದೇ ಕ್ಯೂಆರ್ ವಿಭಜನೆ. ಇದನ್ನು ಪ್ರತಿಫಲನದಿಂದ ಸಾಧಿಸುವ ದಾರಿಯನ್ನು ಅಮೆರಿಕದ ಗಣಿತಜ್ಞ ಆಲ್ಸ್ಟನ್ ಹೌಸ್‌ಹೋಲ್ಡರ್ 1958ರಲ್ಲಿ ಪ್ರಕಟಿಸಿದರು. ನಮ್ಮ ಉದಾಹರಣೆ ಚಿಕ್ಕದು:

```
A =  1   4
     2  -2
     2  -3
```

ಮೊದಲ ಕಂಬಸಾಲು x = (1, 2, 2). ಇದರ ಉದ್ದ 1 + 4 + 4 ರ ವರ್ಗಮೂಲ, ಅಂದರೆ 3. ಕನ್ನಡಿ ಯಾವ ಸದಿಶದ ಉದ್ದವನ್ನೂ ಬದಲಿಸುವುದಿಲ್ಲವಾದ್ದರಿಂದ, ಕೆಳಗಿನ ಎರಡು ಸ್ಥಾನಗಳು ಸೊನ್ನೆಯಾಗಬೇಕಾದರೆ x ಹೋಗಿ ಬೀಳಬಹುದಾದ ಜಾಗಗಳು ಎರಡೇ: (3, 0, 0) ಅಥವಾ (−3, 0, 0). ಜಾಗವನ್ನು ಆರಿಸಿಕೊಂಡರೆ ಕನ್ನಡಿ ತಾನಾಗಿ ನಿರ್ಧಾರವಾಗುತ್ತದೆ, ಏಕೆಂದರೆ ವಸ್ತುವನ್ನೂ ಅದರ ಬಿಂಬವನ್ನೂ ಸೇರಿಸುವ ಗೆರೆಗೆ ಕನ್ನಡಿ ಲಂಬವಾಗಿರುತ್ತದೆ. ಆ ಗೆರೆಯ ದಿಕ್ಕೇ v. x ನಿಂದ ಗುರಿಯನ್ನು ಕಳೆದರೆ ಅದು ಸಿಗುತ್ತದೆ.

ಎರಡರಲ್ಲಿ ಯಾವುದನ್ನು ಆರಿಸಬೇಕು? x ನ ಮೊದಲ ಘಟಕ ಧನವಾಗಿದ್ದರೆ ಋಣ ಗುರಿ, ಋಣವಾಗಿದ್ದರೆ ಧನ ಗುರಿ. ಯಾವಾಗಲೂ ವಿರುದ್ಧ ಚಿಹ್ನೆ. ನಕಲು ಟಿಪ್ಪಣಿಗಳಲ್ಲಿ "ಯಾವುದಾದರೂ ಆದೀತು" ಎಂದು ಬರೆದಿರುವುದನ್ನು ನೋಡಿದ್ದೇನೆ. ಅಂಥ ಟಿಪ್ಪಣಿಯನ್ನು ಬದಿಗಿಡಿ. ಕಾರಣವನ್ನು ನೋಡಲು x = (1, 0.001) ಎಂಬ ಸದಿಶವನ್ನು ತೆಗೆದುಕೊಂಡು, ಆರು ಅಂಕಿಗಳಿಗೆ ದುಂಡಾಗಿಸುತ್ತಾ ಲೆಕ್ಕ ಮಾಡೋಣ. ಉದ್ದದ ವರ್ಗ 1.000001, ಆರು ಅಂಕಿಗಳಲ್ಲಿ ಅದು 1.00000 ಆಗುತ್ತದೆ, ಹಾಗಾಗಿ ಉದ್ದವೂ 1. ಅದೇ ಚಿಹ್ನೆಯ ಗುರಿ (1, 0) ಯನ್ನು ಆರಿಸಿದರೆ v = (0, 0.001) ಬರುತ್ತದೆ. ಮೊದಲ ಘಟಕದಲ್ಲಿ ಬಹುತೇಕ ಸಮನಾದ ಎರಡು ಸಂಖ್ಯೆಗಳನ್ನು ಕಳೆದದ್ದರಿಂದ, ಅಲ್ಲಿ ಉಳಿಯಬೇಕಿದ್ದ ಪುಟ್ಟ ವ್ಯತ್ಯಾಸ ಪೂರ್ತಿ ಅಳಿಸಿಹೋಯಿತು. ಈ v ಇಟ್ಟುಕೊಂಡು ಪ್ರತಿಫಲಿಸಿದರೆ x ಹೋಗಿ ಬೀಳುವುದು (1, −0.001) ರ ಮೇಲೆ: ಸೊನ್ನೆಯಾಗಬೇಕಿದ್ದ ಘಟಕ ಚಿಹ್ನೆ ಬದಲಿಸಿಕೊಂಡು ಅಲ್ಲಿಯೇ ಕೂತಿದೆ. ವಿರುದ್ಧ ಚಿಹ್ನೆಯಲ್ಲಾದರೆ v = (2, 0.001); ಕಳೆಯುವ ಬದಲು ಕೂಡುತ್ತಿದ್ದೇವೆ, ಏನೂ ಅಳಿಸುವುದಿಲ್ಲ, x ಸರಿಯಾಗಿ (−1, 0) ಆಗುತ್ತದೆ. ಕಂಪ್ಯೂಟರಿನ ಹದಿನಾರು ಅಂಕಿಗಳೂ ಇದರಿಂದ ಕಾಪಾಡಲಾರವು, 0.001 ರ ಜಾಗದಲ್ಲಿ 10⁻⁹ ಇಟ್ಟರೆ ಅಲ್ಲಿಯೂ ಇದೇ ಫಲಿತಾಂಶ.

ಇದು ಕಣ್ಣಿಗೆ ಬೀಳದಿರುವುದಕ್ಕೆ ಒಂದು ದುರಭ್ಯಾಸ ಕಾರಣ. ಕೆಳಗಿನ ಘಟಕಗಳು ಸೊನ್ನೆಯಾಗಲೇಬೇಕೆಂದು ಗೊತ್ತಿರುವುದರಿಂದ ಹಲವರು ಅವನ್ನು ಲೆಕ್ಕಿಸದೆ 0 ಎಂದು ಬರೆದುಬಿಡುತ್ತಾರೆ. ಪಳಗಿದ ಮೇಲೆ ಹಾಗೆ ಮಾಡಬಹುದು. ಹೊಸದಾಗಿ ಬರೆದ ಪ್ರೋಗ್ರಾಂನಲ್ಲಿ ಮೊದಲು ನಿಜವಾಗಿ ಲೆಕ್ಕಿಸಿ ನೋಡಿ.

ಇನ್ನು ಚಿಹ್ನೆಯ ನಿಯಮ ಗೊತ್ತಿದ್ದವರೂ ಬೀಳುವ ಒಂದು ಗುಂಡಿಯಿದೆ. ಪೈಥಾನ್‌ನಲ್ಲಿ `np.sign(0)` ಕೊಡುವ ಉತ್ತರ 0. ಕಂಬಸಾಲಿನ ಮೊದಲ ಘಟಕ ಸೊನ್ನೆಯಾಗಿದ್ದರೆ ಗುರಿಯೂ ಸೊನ್ನೆ ಸದಿಶವಾಗಿ, v ಎಂದರೆ x ಎಂದೇ ಆಗಿ, ಪ್ರತಿಫಲನದಿಂದ ಬರಿಯ −x ಸಿಗುತ್ತದೆ. `np.copysign` ಬಳಸಿದರೆ ಈ ತೊಂದರೆ ಇಲ್ಲ:

```python
def reflector(x):
    v = x.astype(float)
    v[0] += np.copysign(np.linalg.norm(x), x[0])
    return v
```

x ಪೂರ್ತಿ ಸೊನ್ನೆಯಾಗಿದ್ದರೆ ಮಾತ್ರ ಆ ಹಂತವನ್ನೇ ಬಿಟ್ಟು ಮುಂದಕ್ಕೆ ಹೋಗಬೇಕು; ಇಲ್ಲವಾದರೆ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ.

ಉದಾಹರಣೆಗೆ ಮರಳೋಣ. ಮೊದಲ ಘಟಕ 1 ಧನ, ಆದ್ದರಿಂದ ಗುರಿ (−3, 0, 0), v = (4, 2, 2). ದಿಕ್ಕಷ್ಟೇ ಮುಖ್ಯವಾದ್ದರಿಂದ ಅರ್ಧಕ್ಕಿಳಿಸಿ (2, 1, 1) ಎಂದಿಟ್ಟುಕೊಳ್ಳೋಣ. ಯಾವುದೇ ಕಂಬಸಾಲು y ಯ ಬಿಂಬ ಹೀಗೆ ಸಿಗುತ್ತದೆ:

```
y - 2 (v·y)/(v·v) v
```

ಇಲ್ಲಿ v·v = 6, ಹಾಗಾಗಿ v·y ಯನ್ನು 3 ರಿಂದ ಭಾಗಿಸಿ, ಅಷ್ಟು ಪಟ್ಟು v ಯನ್ನು ಕಳೆದರಾಯಿತು. ಮೊದಲ ಕಂಬಸಾಲಿಗೆ v·y = 6, ಭಾಗಿಸಿದರೆ 2; (1, 2, 2) − 2(2, 1, 1) = (−3, 0, 0). ಎರಡನೆಯದಕ್ಕೆ v·y = 8 − 2 − 3 = 3, ಭಾಗಿಸಿದರೆ 1; (4, −2, −3) − (2, 1, 1) = (2, −3, −4). ಈ ಎರಡನೆಯ ಕಂಬಸಾಲನ್ನು ಮರೆತು ಮುಂದೆ ಹೋಗುವವರೂ ಇದ್ದಾರೆ. ಕನ್ನಡಿ ಇಡೀ ಮಾತೃಕೆಗೆ ಹಿಡಿದದ್ದು, ಒಂದು ಕಂಬಸಾಲಿಗಲ್ಲ. ಉದ್ದದ ವರ್ಗ ಮೊದಲೂ 29, ಈಗಲೂ 4 + 9 + 16 = 29, ಆದ್ದರಿಂದ ಗುಣಾಕಾರದಲ್ಲಿ ತಪ್ಪಿಲ್ಲವೆಂದು ನಂಬಬಹುದು. ಮೇಲೆ ಹೇಳಿದ ಚಿಹ್ನೆಯ ತಪ್ಪನ್ನು ಮಾತ್ರ ಈ ತಾಳೆ ಹಿಡಿಯುವುದಿಲ್ಲ, ಏಕೆಂದರೆ ತಪ್ಪು ಜಾಗದಲ್ಲಿಟ್ಟ ಕನ್ನಡಿಯೂ ಉದ್ದವನ್ನು ಉಳಿಸುತ್ತದೆ.

ದಯವಿಟ್ಟು 3 × 3 ರ ಪ್ರತಿಫಲನ ಮಾತೃಕೆಯನ್ನು ಬಿಡಿಸಿ ಬರೆದು ಗುಣಿಸಬೇಡಿ. ಇಲ್ಲಿ ಅದು ಬೇಸರದ ಕೆಲಸವಷ್ಟೇ. ಸಾವಿರ ಅಡ್ಡಸಾಲುಗಳಿದ್ದರೆ ಒಂದೊಂದು ಹಂತಕ್ಕೂ ಹತ್ತು ಲಕ್ಷ ಘಟಕಗಳ ಮಾತೃಕೆಯನ್ನು ಕಟ್ಟಿದಂತಾಗುತ್ತದೆ, ಬೇಕಾದದ್ದು ಸಾವಿರ ಸಂಖ್ಯೆಗಳ v ಮಾತ್ರ.

ಎರಡನೆಯ ಹಂತದಲ್ಲಿ ಮೊದಲ ಅಡ್ಡಸಾಲನ್ನು ಮುಟ್ಟುವಂತಿಲ್ಲ. ಕೆಳಗುಳಿದ (−3, −4) ರ ಉದ್ದ 5; ಈ ಸಲ ಮೊದಲ ಘಟಕ ಋಣವಾದ್ದರಿಂದ ಗುರಿ (5, 0), v = (−8, −4), ದಿಕ್ಕು (2, 1). ಬಿಂಬ (5, 0). ಮುಗಿಯಿತು:

```
R = -3   2
     0   5
     0   0
```

ಎರಡು ಪ್ರತಿಫಲನಗಳನ್ನು H₁, H₂ ಎಂದು ಕರೆದರೆ H₂H₁A = R. ಒಂದೇ ಕನ್ನಡಿಯಲ್ಲಿ ಎರಡು ಸಲ ಪ್ರತಿಫಲಿಸಿದರೆ ಮೂಲವೇ ಸಿಗುವುದರಿಂದ Q = H₁H₂; ಕ್ರಮವನ್ನು ತಿರುಗುಮುರುಗು ಮಾಡಬಾರದು. Q ನ ಮೊದಲೆರಡು ಕಂಬಸಾಲುಗಳು (−1, −2, −2)/3 ಮತ್ತು (14, −2, −5)/15. ನನ್ನ ಅಭಿಪ್ರಾಯದಲ್ಲಿ Q ವನ್ನು ಕೇಳುವವರೆಗೂ ಬಿಡಿಸಿ ಬರೆಯಬಾರದು: ಕನಿಷ್ಠ ವರ್ಗ ವಿಧಾನದಲ್ಲಿ ಬಲಬದಿಯ ಸದಿಶಕ್ಕೂ ಅವೇ ಎರಡು ಕನ್ನಡಿಗಳನ್ನು ಸಾಲಾಗಿ ಹಿಡಿದರೆ ಸಾಕು.

`np.linalg.qr` ಕೂಡ ಕರ್ಣದಲ್ಲಿ −3 ಮತ್ತು 5 ನ್ನೇ ಕೊಡುತ್ತದೆ. ಋಣ ಸಂಖ್ಯೆಯನ್ನು ಕಂಡು ಗಾಬರಿಯಾಗಬೇಕಿಲ್ಲ. ಧನವೇ ಬೇಕೆಂದರೆ R ನ ಆ ಅಡ್ಡಸಾಲಿನ ಮತ್ತು Q ನ ಅದೇ ಕ್ರಮಾಂಕದ ಕಂಬಸಾಲಿನ ಚಿಹ್ನೆಗಳನ್ನು ಒಟ್ಟಿಗೆ ಬದಲಿಸಿ. ಅದರ ಹಿಂದೆ ದುಡಿಯುವ LAPACK ನ `dgeqrf` ಅನ್ನು ನೇರವಾಗಿ ಕರೆದವರಿಗೆ ಮಾತ್ರ ಕರ್ಣದ ಕೆಳಗೆ ಸೊನ್ನೆಗಳ ಬದಲು ಇದು ಕಾಣಿಸುತ್ತದೆ:

```
-3     2
 0.5   5
 0.5   0.5
```

ವಿಭಜನೆ ಕೆಟ್ಟಿದೆಯೆಂದು ಇದನ್ನು ಅಳಿಸಿಹಾಕಿದವರನ್ನು ನಾನು ಬಲ್ಲೆ. ಅಲ್ಲಿ ಸೊನ್ನೆಗಳಿರುವುದು ಹೇಗೂ ಗೊತ್ತಿರುವುದರಿಂದ, ಆ ಖಾಲಿ ಜಾಗದಲ್ಲಿ v ಗಳನ್ನು ಅವುಗಳ ಮೊದಲ ಘಟಕ 1 ಆಗುವಂತೆ ಭಾಗಿಸಿ ತುಂಬಿಡಲಾಗಿದೆ: (2, 1, 1) ಎಂಬುದು (1, 0.5, 0.5) ಆಗಿ, (2, 1) ಎಂಬುದು (1, 0.5) ಆಗಿ. ಅಳಿಸಿದರೆ R ಉಳಿಯುತ್ತದೆ, Q ಹೋಗುತ್ತದೆ.