ರಿಸೆಟ್ ಆದಮೇಲೂ ರೌಟರ್‌ನಲ್ಲಿ ಹಳೆ ಪಾಸ್‌ವರ್ಡ್: ನನ್ನ ಅನುಭವ

ಶಿರಸಿಯ ಮನೆಯ ಫೈಬರ್ ರೌಟರನ್ನು ಭಾವನಿಗೆ ಕೊಡುವ ಮೊದಲು ರಿಸೆಟ್ ಮಾಡಿದೆ. ಹತ್ತು ನಿಮಿಷದಲ್ಲಿ ನಮ್ಮ ವೈಫೈ ಹೆಸರು, ಪಾಸ್‌ವರ್ಡ್ ಎರಡೂ ವಾಪಸ್ ಬಂದಿದ್ದವು.

ಸ್ವಿಚ್ ಆರಿಸಿ ಹಾಕಿದರೆ ಏನೂ ಅಳಿಯುವುದಿಲ್ಲ. ರಿಸೆಟ್ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ನನ್ನದು ಬರೀ ರೀಸ್ಟಾರ್ಟ್ ಆಯಿತು. ಉದ್ದ ಒತ್ತಿದಾಗ ಅಳಿಯಿತು, ಆದರೆ ಫೈಬರ್ ಕೇಬಲ್ ಸಿಕ್ಕಿಸಿಯೇ ಇತ್ತು. ಇಂಟರ್ನೆಟ್ ಕಂಪನಿಯ ಸರ್ವರ್ ದೂರದಿಂದಲೇ ಹಳೆ ಸೆಟ್ಟಿಂಗ್ ಮತ್ತೆ ತುಂಬಿತು.

ಕೊನೆಗೆ ಕೆಲಸ ಮಾಡಿದ ಕ್ರಮ: ಮೊದಲು ಫೈಬರ್ ಕೇಬಲ್ ಬಿಚ್ಚಿ, ತುದಿಗೆ ಮುಚ್ಚಳ ಹಾಕಿದೆ. ಕರೆಂಟ್ ಇದ್ದಂತೆಯೇ ಪಿನ್ನಿನಿಂದ ಗುಂಡಿಯನ್ನು 15 ಸೆಕೆಂಡ್ ಒತ್ತಿ ಹಿಡಿದೆ. ದೀಪಗಳೆಲ್ಲ ಒಟ್ಟಿಗೆ ಆರಿ ಹತ್ತಿದ ಮೇಲೆ ಬಿಟ್ಟು, ಮೂರು ನಿಮಿಷ ಮುಟ್ಟಲಿಲ್ಲ. ತಳದ ಚೀಟಿಯಲ್ಲಿರುವ ಹೆಸರಿನ ವೈಫೈಗೆ ಸೇರಿ, ಬ್ರೌಸರ್‌ನಲ್ಲಿ ರೌಟರ್‌ನ ಸೆಟ್ಟಿಂಗ್ ಪುಟ `192.168.1.1` ತೆರೆದೆ. ಚೀಟಿಯ ಪಾಸ್‌ವರ್ಡ್‌ನಿಂದಲೇ ಲಾಗಿನ್ ಆಯಿತು. ಇಂಟರ್ನೆಟ್ ಸಂಪರ್ಕದ ವಿವರವಿರುವ WAN ಪುಟದಲ್ಲಿ, ಕಂಪನಿಯ ಜಾಲಕ್ಕೆ ಲಾಗಿನ್ ಆಗುವ PPPoE ಯೂಸರ್‌ನೇಮ್ ಖಾಲಿ. ಕೇಬಲ್ ಮತ್ತೆ ಸಿಕ್ಕಿಸದೆ ಹಾಗೆಯೇ ಡಬ್ಬಿಗೆ ಹಾಕಿದೆ.